ಆಸ್ಪತ್ರೆಗೆ ಹೈಬ್ರಿಡ್ ಕ್ಲೌಡ್ ಬೇಕು ಅಂತ ಆಡಳಿತ ಮಂಡಳಿಗೆ ಪತ್ರ ಬರೆದಿದ್ದೇನೆ, ಕೊಡುವ ಮೊದಲು ಓದಿ ತಪ್ಪು ಹೇಳಿ

ಹದಡಿ ರೋಡ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ 120 ಹಾಸಿಗೆಯ ಒಂದು ಆಸ್ಪತ್ರೆಯ ಐಟಿ ನನ್ನ ಜವಾಬ್ದಾರಿ. ಜೊತೆಗೆ ಇಬ್ಬರು ಹುಡುಗರಿದ್ದಾರೆ. ನಮ್ಮ ಸರ್ವರ್‌ಗೆ ಈಗ ಏಳು ವರ್ಷ. ವಾರಂಟಿ ಮುಗಿದೇ ಎರಡು ವರ್ಷ ಆಯ್ತು. ಹೋದ ತಿಂಗಳು ಒಂದು ಡಿಸ್ಕ್ ಕೆಟ್ಟಿತು. ಅದೇ ಮಾಡೆಲ್ ಸಿಗದೆ ಹನ್ನೊಂದು ದಿನ ಕಾದೆವು. ಅಷ್ಟರಲ್ಲಿ ಇನ್ನೊಂದು ಡಿಸ್ಕ್ ಹೋಗಿದ್ದರೆ ಬಿಲ್ಲಿಂಗ್, ಲ್ಯಾಬ್, ಫಾರ್ಮಸಿ ಎಲ್ಲಾ ನಿಲ್ಲುತ್ತಿತ್ತು. ಆ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇನ್ನು ಹತ್ತು ದಿನಕ್ಕೆ ಮಂಡಳಿಯ ಸಭೆ ಇದೆ. ಅದರಲ್ಲಿ ಇಬ್ಬರು ಡಾಕ್ಟರು, ಉಳಿದವರು ವ್ಯಾಪಾರಸ್ಥರು. ಪತ್ರ ಕನ್ನಡದಲ್ಲೇ ಇರಲಿ ಅಂದಿದ್ದಾರೆ. ನಾನು ಬರೆದದ್ದು ಇದು:

> ಮಾನ್ಯ ಅಧ್ಯಕ್ಷರಿಗೆ ಹಾಗೂ ಆಡಳಿತ ಮಂಡಳಿಯ ಸದಸ್ಯರಿಗೆ,
>
> ವಿಷಯ: ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಹೈಬ್ರಿಡ್ ಕ್ಲೌಡ್‌ಗೆ ಬದಲಿಸಲು ಒಪ್ಪಿಗೆ ಕೋರಿ.
>
> ನಮ್ಮ ಸರ್ವರ್ 7 ವರ್ಷ ಹಳೆಯದು. ಎಲ್ಲವನ್ನೂ ಹೊಸದಾಗಿ ಕೊಂಡು ಇಲ್ಲೇ ಇಡಲು 38 ಲಕ್ಷ ರೂಪಾಯಿಯ ಕೊಟೇಶನ್ ಬಂದಿದೆ. ಅದರ ಬದಲು ಕೆಲಸವನ್ನು ನಮ್ಮ ಸರ್ವರ್ ಮತ್ತು ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್, ಹೀಗೆ ಎರಡು ಕಡೆ ಹಂಚಬಹುದು. ಇದೇ ಹೈಬ್ರಿಡ್ ಕ್ಲೌಡ್. ನೋಂದಣಿ, ಬಿಲ್ಲಿಂಗ್, ಲ್ಯಾಬ್ ಮತ್ತು ಫಾರ್ಮಸಿಯ ಸಾಫ್ಟ್‌ವೇರ್ ಆಸ್ಪತ್ರೆಯ ಒಳಗೇ ಒಂದು ಚಿಕ್ಕ ಸರ್ವರ್‌ನಲ್ಲಿ ಇರುತ್ತದೆ. ಅಪಾಯಿಂಟ್‌ಮೆಂಟ್ ಮತ್ತು ರಿಪೋರ್ಟ್ ನೋಡುವ ವೆಬ್‌ಸೈಟ್ ಕ್ಲೌಡ್‌ಗೆ ಹೋಗುತ್ತದೆ. ಎರಡು ವರ್ಷಕ್ಕಿಂತ ಹಳೆಯ ಸಿಟಿ, ಎಂಆರ್‌ಐ, ಎಕ್ಸ್-ರೇ ಚಿತ್ರಗಳನ್ನು ಇಲ್ಲಿಂದ ತೆಗೆದು ಕ್ಲೌಡ್‌ನ ಅಗ್ಗದ ಆರ್ಕೈವ್‌ನಲ್ಲಿ ಇಡುತ್ತೇವೆ. ಪ್ರತಿ ರಾತ್ರಿ ಬ್ಯಾಕಪ್ ಕ್ಲೌಡ್‌ಗೆ ಹೋಗುತ್ತದೆ. ಇಂಟರ್ನೆಟ್ ನಿಲ್ಲದಂತೆ ಎರಡು ಕಂಪನಿಗಳ ಲೈನ್ ತೆಗೆದುಕೊಳ್ಳುತ್ತೇವೆ.
>
> ಒಂದು ಸಲದ ಖರ್ಚು 14 ಲಕ್ಷ. ತಿಂಗಳ ಖರ್ಚು 42,000 ರೂಪಾಯಿ. ಮೂರು ವರ್ಷಕ್ಕೆ ಒಟ್ಟು 29.12 ಲಕ್ಷ. 8.88 ಲಕ್ಷ ಉಳಿತಾಯ. ನಮ್ಮ ಡೇಟಾ ಪೂರ್ತಿ ಸುರಕ್ಷಿತವಾಗಿರುತ್ತದೆ. ದಯವಿಟ್ಟು ಒಪ್ಪಿಗೆ ನೀಡಬೇಕಾಗಿ ವಿನಂತಿ.

ಎಲ್ಲಿ ಎಡವಿದ್ದೇನೆ ಹೇಳಿ.

ಎಣ್ಣೆ ಮಿಲ್, ಚಳ್ಳಕೆರೆ

ಸರ್, ನಮ್ಮದು ಶೇಂಗಾ ಎಣ್ಣೆ ಮಿಲ್. ಟ್ಯಾಲಿ ಡೇಟಾ ಇರುವ ಫೋಲ್ಡರ್ ಅನ್ನೇ ಆನ್‌ಲೈನ್ ಡ್ರೈವ್‌ಗೆ ಸಿಂಕ್ ಹಾಕಿದ್ದೇವೆ. ಮೂರು ವರ್ಷದಿಂದ ಏನೂ ತೊಂದರೆ ಇಲ್ಲ, ಖರ್ಚೂ ಕಡಿಮೆ. ನೀವೂ ಹಾಗೇ ಮಾಡಬಹುದಲ್ವಾ? ಸುಮ್ನೆ 14 ಲಕ್ಷ ಯಾಕೆ?

ಬಾತಿ ಕೆರೆ

ಅಣ್ಣಾ, ಸಿಂಕ್ ಬೇರೆ, ಬ್ಯಾಕಪ್ ಬೇರೆ. ಇಲ್ಲಿ ಒಂದು ಫೈಲ್ ಕೆಟ್ಟರೆ ಆ ಕೆಟ್ಟ ಫೈಲೇ ಮೇಲೂ ಹೋಗಿ ಕೂರುತ್ತದೆ. ಹಳೆಯ ಪ್ರತಿ ಕೆಲವು ದಿನದ ಮಟ್ಟಿಗೆ ಸಿಗಬಹುದು, ಅಷ್ಟೇ. ಟ್ಯಾಲಿ ತೆರೆದಿರುವಾಗ ಕಾಪಿ ಆದ ಫೈಲ್ ಮತ್ತೆ ತೆರೆಯುತ್ತೆ ಅನ್ನುವ ಖಾತ್ರಿಯೂ ಇಲ್ಲ. ಇವತ್ತೇ ಟ್ಯಾಲಿಯ ಒಳಗಿರುವ ಬ್ಯಾಕಪ್ ಆಯ್ಕೆಯಿಂದ ಒಂದು ಪ್ರತಿ ತೆಗೆದು, ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ ನೋಡಿ.

ಹದಡಿ ರೋಡ್ ಅವರೇ, ನಾನು ಹದಿನೆಂಟು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಅದರಲ್ಲಿ ಆರು ವರ್ಷ ಆಸ್ಪತ್ರೆಗಳಲ್ಲೇ ಕಳೆದಿದ್ದೇನೆ. ನಿಮ್ಮ ಪತ್ರದಲ್ಲಿ ಯಾವುದು ಎಲ್ಲಿ ಇರುತ್ತದೆ ಅಂತ ಇದೆ. ಆದರೆ ಮಂಡಳಿಗೆ ಬೇಕಾದ ಒಂದು ಮಾತು ಇಲ್ಲ. ಸರ್ವರ್ ಬೆಳಿಗ್ಗೆ ಒಂಬತ್ತಕ್ಕೆ ಸತ್ತರೆ, ಬಿಲ್ಲಿಂಗ್ ಕೌಂಟರ್ ಎಷ್ಟು ಗಂಟೆಗೆ ಮತ್ತೆ ಶುರುವಾಗುತ್ತದೆ? ಅದನ್ನು ಬರೆಯದೆ "ಪೂರ್ತಿ ಸುರಕ್ಷಿತ" ಅಂತ ಬರೆಯಬೇಡಿ.

ನಿಮ್ಮ ಡೇಟಾಬೇಸ್ ಎಷ್ಟು ಜಿಬಿ? ಚಿತ್ರಗಳು ಎಷ್ಟು? ಲೈನ್ ಎಷ್ಟು ಎಂಬಿಪಿಎಸ್?

ಹದಡಿ ರೋಡ್

ಮೇಡಂ, ಡೇಟಾಬೇಸ್ 60 ಜಿಬಿ. ಚಿತ್ರಗಳು ಈಗ 9 ಟಿಬಿ. ವರ್ಷಕ್ಕೆ ಸುಮಾರು 3 ಟಿಬಿ ಸೇರುತ್ತದೆ. ಸಿಟಿ ದಿನಕ್ಕೆ 25 ಆಗುತ್ತದೆ, ಒಂದೊಂದು ಸರಾಸರಿ 250 ಎಂಬಿ. ಜಾಸ್ತಿ ಜಾಗ ತಿನ್ನುವುದು ಅದೇ. ಲೈನ್ 100 ಎಂಬಿಪಿಎಸ್.

ಬಾತಿ ಕೆರೆ

ಹಾಗಾದರೆ ಲೆಕ್ಕ ಹಾಕೋಣ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. 60 ಜಿಬಿ ಡೇಟಾಬೇಸ್ ಕೆಳಗಿಳಿಯಲು 80 ನಿಮಿಷ. ಇದು ಪರವಾಗಿಲ್ಲ. ಆದರೆ 9 ಟಿಬಿ ಚಿತ್ರಗಳು ಇಳಿಯಲು 200 ಗಂಟೆ. ಅಂದರೆ ಲೈನ್ ಒಂದು ಕ್ಷಣವೂ ನಿಲ್ಲದಿದ್ದರೂ ಎಂಟು ದಿನಕ್ಕಿಂತ ಜಾಸ್ತಿ. ಮೇಲೆ ಕಳಿಸುವುದೂ ಹಾಗೇ. ಹಗಲು ಲೈನ್ ಆಸ್ಪತ್ರೆಗೆ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಅರ್ಧ ಲೈನ್ ಬಳಸಿದರೆ ಒಂದು ರಾತ್ರಿಗೆ 180 ಜಿಬಿ ಹೋಗುತ್ತದೆ. ಹಳೆಯದೆಲ್ಲಾ ಮೇಲೆ ಸೇರಲು 50 ರಾತ್ರಿ ಬೇಕು. ಆ 50 ರಾತ್ರಿ ಮುಗಿಯುವ ತನಕ ಕ್ಲೌಡ್‌ನಲ್ಲಿ ಪೂರ್ತಿ ಪ್ರತಿ ಇರುವುದಿಲ್ಲ. ಇದನ್ನು ಪತ್ರದಲ್ಲೇ ಹೇಳಿಬಿಡಿ.

ಆದ್ದರಿಂದ ಡೇಟಾಬೇಸ್‌ಗೆ ಒಂದು ದಾರಿ, ಚಿತ್ರಗಳಿಗೆ ಇನ್ನೊಂದು ದಾರಿ ಬೇಕು. ಸರ್ವರ್ ರೂಮೇ ಸುಟ್ಟು ಹೋಯಿತು ಅಂದುಕೊಳ್ಳಿ. ಬ್ಯಾಕಪ್ ಅನ್ನು ಕೆಳಗೆ ಇಳಿಸುವ ಗೋಜಿಗೇ ಹೋಗಬೇಡಿ, ಇಳಿಸಿದರೂ ಹಾಕಲು ಯಂತ್ರ ಎಲ್ಲಿದೆ? ಕ್ಲೌಡ್‌ನಲ್ಲೇ ಒಂದು ವರ್ಚುವಲ್ ಸರ್ವರ್ ಎಬ್ಬಿಸಿ, ಅಲ್ಲೇ ಡೇಟಾಬೇಸ್ ರಿಸ್ಟೋರ್ ಮಾಡಿ. ಆಗ 60 ಜಿಬಿ ನಿಮ್ಮ ಲೈನ್ ದಾಟುವುದೇ ಇಲ್ಲ. ಕೌಂಟರ್‌ನ ಕಂಪ್ಯೂಟರ್‌ಗಳು ಇಂಟರ್ನೆಟ್ ಮೂಲಕ ಅದಕ್ಕೆ ಸೇರಿಕೊಳ್ಳುತ್ತವೆ. ನನ್ನ ಪ್ರಕಾರ ನಿಮಗೆ ಹೈಬ್ರಿಡ್‌ನಿಂದ ಸಿಗುವ ದೊಡ್ಡ ಲಾಭ ಇದೇ, ಪತ್ರದಲ್ಲಿ ಇಲ್ಲದಿರುವುದೂ ಇದೇ. ಆ ವರ್ಚುವಲ್ ಸರ್ವರ್ ಅನ್ನು ದಿನವೂ ಓಡಿಸಬೇಕಿಲ್ಲ. ಆದರೆ ನಿಲ್ಲಿಸಿ ಇಟ್ಟರೂ ಅದರ ಡಿಸ್ಕ್‌ಗೆ ಬಾಡಿಗೆ ಬೀಳುತ್ತದೆ ಅನ್ನುವುದು ನೆನಪಿರಲಿ.

ವಿದ್ಯಾನಗರ ಹುಡುಗ

ಇಷ್ಟೆಲ್ಲಾ ಯಾಕೆ ಅಕ್ಕಾ? ಎಲ್ಲವನ್ನೂ ಕ್ಲೌಡ್‌ಗೇ ಹಾಕಿದರೆ ಸರ್ವರ್ ರೂಮೂ ಬೇಡ, ಯುಪಿಎಸ್ ಬ್ಯಾಟರಿಯೂ ಬೇಡ, ಎಸಿಯೂ ಬೇಡ. ದೊಡ್ಡ ಕಂಪನಿಗಳ ಸ್ಟೋರೇಜ್‌ನಲ್ಲಿ ಡೇಟಾ ಉಳಿಯುವ ಭರವಸೆ 99.999999999 ಪರ್ಸೆಂಟ್. ಹನ್ನೊಂದು ಒಂಬತ್ತುಗಳು! ನಮ್ಮ ಊರಿನ ಯಾವ ಸರ್ವರ್ ರೂಮ್ ಅಷ್ಟು ಕೊಡುತ್ತದೆ?

ಬಾತಿ ಕೆರೆ

ತಮ್ಮಾ, ಆ ಅಂಕಿ ಸರಿ. ಆದರೆ ಅದು ಡಿಸ್ಕ್ ಕೆಟ್ಟು ಡೇಟಾ ಹೋಗುವುದರ ವಿರುದ್ಧದ ಭರವಸೆ. ನಿನ್ನ ಪಾಸ್‌ವರ್ಡ್ ಕದ್ದವನು ಬಂದು ಅಳಿಸಿದರೆ, ಕ್ಲೌಡ್ ಅದನ್ನು ನೀನೇ ಅಳಿಸಿದ್ದು ಅಂತ ತಿಳಿದು ಅಚ್ಚುಕಟ್ಟಾಗಿ ಅಳಿಸುತ್ತದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ಗೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಹೊಡೆದಾಗ ಎಷ್ಟೋ ದಿನ ಕಾಗದದಲ್ಲಿ ಕೆಲಸ ನಡೆಸಬೇಕಾಯಿತು.

ನಾನು ಮೊದಲು ಇದ್ದ ಒಂದು ಲ್ಯಾಬ್‌ನಲ್ಲೂ ಹಾಗಾಯಿತು. ಹೆಸರು ಬೇಡ. ಬ್ಯಾಕಪ್ ಪ್ರತಿ ದಿನ ಆಗುತ್ತಿತ್ತು. ಆದರೆ ಬ್ಯಾಕಪ್ ಇಡುವ ಎನ್‌ಎಎಸ್ ಕೂಡ ಅದೇ ಡೊಮೇನ್‌ನಲ್ಲಿ, ಅದೇ ಅಡ್ಮಿನ್ ಪಾಸ್‌ವರ್ಡ್‌ನಲ್ಲಿ ಇತ್ತು. ಕಳ್ಳರು ಮೊದಲು ಬ್ಯಾಕಪ್ ಅಳಿಸಿ, ಆಮೇಲೆ ಸರ್ವರ್‌ಗೆ ಬೀಗ ಹಾಕಿದರು. ನಾನು ಅವತ್ತು ರಾತ್ರಿ ಎನ್‌ಎಎಸ್ ತೆರೆದಾಗ ಫೋಲ್ಡರ್ ಖಾಲಿ ಇತ್ತು. ಆ ಪರದೆ ಇನ್ನೂ ಕಣ್ಣ ಮುಂದಿದೆ.

ಹಾಗಾಗಿ ಕ್ಲೌಡ್‌ನ ಪ್ರತಿಗೆ ಅಳಿಸಲಾಗದ ಲಾಕ್ ಹಾಕಲೇಬೇಕು. ಅದರಲ್ಲಿ ಎರಡು ಬಗೆ ಇರುತ್ತದೆ. ಒಂದನ್ನು ವಿಶೇಷ ಅನುಮತಿ ಇದ್ದವರು ತೆಗೆಯಬಹುದು. ಇನ್ನೊಂದನ್ನು ಅವಧಿ ಮುಗಿಯುವ ತನಕ ಖಾತೆಯ ಮಾಲೀಕರೂ ತೆಗೆಯಲು ಆಗದು. ನಾನು ಎರಡನೆಯದನ್ನೇ ಹೇಳುತ್ತೇನೆ, ಆದರೆ 30 ದಿನಕ್ಕೆ. ತಪ್ಪಿ ಒಂದು ವರ್ಷ ಅಂತ ಹಾಕಿದರೆ ವರ್ಷವಿಡೀ ಆ ಜಾಗಕ್ಕೆ ದುಡ್ಡು ಕಟ್ಟಬೇಕು, ಬೇರೆ ದಾರಿ ಇಲ್ಲ.

ವಿದ್ಯಾನಗರ ಹುಡುಗ

ಲಾಕ್ ವಿಷಯ ಒಪ್ಪಿದೆ ಅಕ್ಕಾ. ಆದರೂ ಐದು ವರ್ಷ ಬಿಟ್ಟು ಸಾಫ್ಟ್‌ವೇರ್ ಕಂಪನಿಯವರೇ ಎಲ್ಲರನ್ನೂ ಕ್ಲೌಡ್‌ಗೆ ಎಳೆಯುತ್ತಾರೆ. ಆಗ ಈಗ ಕೊಂಡ ಸರ್ವರ್ ಏನು ಮಾಡುತ್ತೀರಿ?

ಕಂಬ ಹತ್ತುವವನು

ನನಗೆ ಕ್ಲೌಡ್ ಗೊತ್ತಿಲ್ಲ. ಫೈಬರ್ ಎಳೆಯುವ ಕೆಲಸ ನನ್ನದು, ದಾವಣಗೆರೆ ಮತ್ತು ಹರಿಹರದ ನಡುವೆ ಓಡಾಡುತ್ತೇನೆ. ವಿದ್ಯಾನಗರದ ತಮ್ಮ ಎಲ್ಲಾ ಮೇಲೆ ಹಾಕಿ ಅನ್ನುತ್ತಾರೆ, ಒಂದು ಜೆಸಿಬಿ ಸಾಕು ಅಣ್ಣಾ, ಇಡೀ ರಸ್ತೆ ಸತ್ತು ಹೋಗುತ್ತದೆ. ಆಗ ಓಪಿಡಿಯಲ್ಲಿ ಒಂದು ಚೀಟಿಯೂ ಬರುವುದಿಲ್ಲ.

ಪತ್ರದಲ್ಲಿ ಎರಡು ಕಂಪನಿಗಳ ಲೈನ್ ಅಂತ ಇದೆಯಲ್ಲ, ಅದರ ಬಗ್ಗೆ ಒಂದು ಮಾತು. ಕಂಪನಿ ಎರಡಾದರೂ ಎರಡೂ ಫೈಬರ್ ಅದೇ ಬೆಸ್ಕಾಂ ಕಂಬಗಳ ಮೇಲೆ ಜೊತೆಯಲ್ಲೇ ಬರುವುದು ತುಂಬಾ ಸಾಮಾನ್ಯ. ಮರ ಬಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ದಾರಿ ಕೇಳಿ ತಿಳಿದುಕೊಳ್ಳಿ. ಆಸ್ಪತ್ರೆಯ ಗೇಟಿನಿಂದ ಎಕ್ಸ್‌ಚೇಂಜ್ ತನಕ ಒಮ್ಮೆ ಬೈಕಿನಲ್ಲಿ ಹೋಗಿ ಕಣ್ಣಾರೆ ನೋಡಿ. ಒಂದು ಮುಂದಿನ ರಸ್ತೆಯಿಂದ ಬಂದರೆ ಇನ್ನೊಂದು ಹಿಂದಿನ ರಸ್ತೆಯಿಂದ ಬರಲಿ. ಆಗದಿದ್ದರೆ ಎರಡನೆಯದಕ್ಕೆ ಫೈಬರ್ ಬೇಡ, ಟೆರೇಸ್ ಮೇಲೆ 5ಜಿ ಇಲ್ಲವೇ ರೇಡಿಯೋ ಲಿಂಕ್ ತೆಗೆದುಕೊಳ್ಳಿ.

ಹದಡಿ ರೋಡ್

ಅಣ್ಣಾ, ನಿಮ್ಮ ಮಾತು ಕೇಳಿ ನಿನ್ನೆ ಸಂಜೆ ಹೋಗಿ ನೋಡಿದೆ. ನಮ್ಮ ಗೇಟಿನ ಮುಂದಿನ ಏಳು ಕಂಬಗಳಲ್ಲಿ ಎರಡೂ ಕೇಬಲ್ ಒಂದೇ ಕೊಕ್ಕೆಗೆ ನೇತಾಡುತ್ತಿವೆ. ಎರಡನೆಯದನ್ನು 5ಜಿಗೆ ಬದಲಿಸುತ್ತೇನೆ. ಖರ್ಚು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಎಕ್ಸ್-ರೇ ರೂಮ್

ನಾನು ಬೇರೆ ಆಸ್ಪತ್ರೆಯಲ್ಲಿ ರೇಡಿಯಾಲಜಿ ಟೆಕ್ನಿಷಿಯನ್. ಹೈಬ್ರಿಡ್ ಅಂದರೆ ಡಾಕ್ಟರು ಅರ್ಧ ದಿನ ಮನೆಯಿಂದಲೇ ಸಿಟಿ ನೋಡಿ ರಿಪೋರ್ಟ್ ಕೊಡುವುದು ಅಂತ ಓದಲು ಶುರು ಮಾಡಿದೆ. ನಮಗೆ ಅದು ತುಂಬಾ ಬೇಕಾಗಿದೆ, ರಾತ್ರಿ ಅಪಘಾತದ ಕೇಸ್ ಬಂದಾಗ ಒದ್ದಾಡುತ್ತೇವೆ. ಇದು ಬೇರೆ ವಿಷಯ ಅಂತ ಆಮೇಲೆ ಗೊತ್ತಾಯಿತು.

ಆದರೆ ಒಂದು ಕೇಳಬೇಕು. ಎರಡು ವರ್ಷಕ್ಕಿಂತ ಹಳೆಯ ಸಿಟಿ ಆರ್ಕೈವ್‌ಗೆ ಹೋದರೆ ವಾಪಸ್ ಬರಲು ಎಷ್ಟು ಹೊತ್ತು? ಕ್ಯಾನ್ಸರ್ ರೋಗಿಗಳು ಮೂರು ವರ್ಷ ಬಿಟ್ಟು ಫಾಲೋಅಪ್‌ಗೆ ಬರುತ್ತಾರೆ. ಡಾಕ್ಟರು ಹಳೆಯ ಚಿತ್ರ ಪಕ್ಕದಲ್ಲಿ ಇಟ್ಟುಕೊಂಡೇ ಓದುವುದು. ಗಂಟು ಬೆಳೆದಿದೆಯಾ ಇಲ್ವಾ ಅಂತ ಇನ್ನು ಹೇಗೆ ಹೇಳುವುದು?

ಬಾತಿ ಕೆರೆ

ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. ಗ್ಲೇಸಿಯರ್ ಡೀಪ್ ಆರ್ಕೈವ್‌ನಂಥ ಅತಿ ಅಗ್ಗದ ಜಾಗದಲ್ಲಿ ಚಿತ್ರ ಬೇಕು ಅಂತ ಕೇಳಿದ ಮೇಲೆ ಸಿಗಲು 12 ಗಂಟೆ ತನಕ ಆಗಬಹುದು. ರೋಗಿ ದಾಖಲೆ ಕೇಳಿದರೆ 72 ಗಂಟೆಯ ಒಳಗೆ ಕೊಡಬೇಕು ಅನ್ನುವುದು 2002ರ ವೈದ್ಯಕೀಯ ಮಂಡಳಿಯ ನಿಯಮ. ಅದಕ್ಕೆ 12 ಗಂಟೆ ಸಾಕು. ಆದರೆ ರೋಗಿ ಎದುರಿಗೆ ಕೂತಿದ್ದಾಗ ಸಾಲದು. ಅಲ್ಲಿ ಇಟ್ಟದ್ದನ್ನು 180 ದಿನದ ಒಳಗೆ ಅಳಿಸಿದರೂ ಪೂರ್ತಿ 180 ದಿನದ ಬಾಡಿಗೆ ಕಟ್ಟಬೇಕು. ವಾಪಸ್ ಇಳಿಸಿಕೊಳ್ಳಲು ಜಿಬಿ ಲೆಕ್ಕದಲ್ಲಿ ಬೇರೆ ದುಡ್ಡು.

ಹದಡಿ ರೋಡ್ ಅವರೇ, ಹಳೆಯ ಚಿತ್ರಗಳನ್ನು ಇಲ್ಲಿಂದ ತೆಗೆಯುವುದೇ ಯಾಕೆ? 9 ಟಿಬಿ ಈಗಿನ ಕಾಲಕ್ಕೆ ದೊಡ್ಡದೇನಲ್ಲ. 8 ಟಿಬಿಯ ಆರು ಡಿಸ್ಕ್ ಹಾಕಿ, ಎರಡು ಕೆಟ್ಟರೂ ನಡೆಯುವ ಹಾಗೆ ರೈಡ್ 6 ಮಾಡಿದರೆ ನಾಲ್ಕು ಡಿಸ್ಕ್‌ನ ಜಾಗ, ಅಂದರೆ 32 ಟಿಬಿ ಸಿಗುತ್ತದೆ. ಐದು ವರ್ಷದ ಬೆಳವಣಿಗೆ ಸೇರಿದರೂ 24 ಟಿಬಿ. ಎಲ್ಲಾ ಚಿತ್ರಗಳೂ ಇಲ್ಲೇ ಇರಲಿ, ಆರ್ಕೈವ್‌ನಲ್ಲಿ ಇನ್ನೊಂದು ಪ್ರತಿ ಇರಲಿ. ಆರ್ಕೈವ್‌ನಿಂದ ಕೆಳಗೆ ಇಳಿಸುವ ಸಂದರ್ಭ ದೊಡ್ಡ ಅನಾಹುತ ಆದಾಗ ಮಾತ್ರ ಬರುತ್ತದೆ.

ಲೆಕ್ಕದ ಪುಸ್ತಕ

ನಾನು ಅಕೌಂಟ್ಸ್‌ನವಳು, ಎರಡು ನರ್ಸಿಂಗ್ ಹೋಮ್‌ಗಳ ಲೆಕ್ಕ ನೋಡುತ್ತೇನೆ. 42,000 ಜಿಎಸ್‌ಟಿ ಸೇರಿಸಿಯೋ, ಸೇರಿಸದೆಯೋ?

ಹದಡಿ ರೋಡ್

ಸೇರಿಸಿಲ್ಲ ಮೇಡಂ. 38 ಲಕ್ಷ ಮತ್ತು 14 ಲಕ್ಷ ಎರಡೂ ಸೇರಿಸಿದ ಮೊತ್ತ. ತಿಂಗಳದ್ದು ಹೇಗೂ ಇನ್‌ಪುಟ್ ಕ್ರೆಡಿಟ್ ಸಿಗುತ್ತಲ್ಲ ಅಂತ ಬಿಟ್ಟೆ.

ಲೆಕ್ಕದ ಪುಸ್ತಕ

ಅಲ್ಲೇ ತಪ್ಪಿದ್ದು. ಆಸ್ಪತ್ರೆಯ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ನಾವು ರೋಗಿಯಿಂದ ತೆರಿಗೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಆ ಸೇವೆಗಾಗಿ ಕಟ್ಟಿದ ತೆರಿಗೆಯ ಕ್ರೆಡಿಟ್ಟೂ ಸಿಗುವುದಿಲ್ಲ. ಹೊರರೋಗಿಗಳ ಫಾರ್ಮಸಿಯ ಪಾಲಿಗೆ ಸ್ವಲ್ಪ ಸಿಗಬಹುದು, ಅದನ್ನು ನಿಮ್ಮ ಆಡಿಟರ್ ಹೇಳಬೇಕು. 18 ಪರ್ಸೆಂಟ್ ಸೇರಿಸಿದರೆ ತಿಂಗಳಿಗೆ 49,560. ಮೂರು ವರ್ಷಕ್ಕೆ 17,84,160. ಒಟ್ಟು 31.84 ಲಕ್ಷ. ಉಳಿತಾಯ 8.88 ಅಲ್ಲ, 6.16 ಲಕ್ಷ. ವ್ಯಾಪಾರಸ್ಥರ ಮಂಡಳಿ ಅಂತೀರಿ, ಇದನ್ನು ಅವರು ಮೊದಲ ನಿಮಿಷದಲ್ಲೇ ಹಿಡಿಯುತ್ತಾರೆ.

ಇನ್ನೊಂದು. ವರ್ಷಕ್ಕೆ 3 ಟಿಬಿ ಬೆಳೆದರೆ ತಿಂಗಳ ಬಿಲ್ಲೂ ಬೆಳೆಯುತ್ತದೆ. ಡಾಲರ್ ದರ ಏರಿದರೂ ಏರುತ್ತದೆ. "42,000" ಅಂತ ಒಂದೇ ಅಂಕಿ ಕೊಟ್ಟರೆ ಮುಂದಿನ ವರ್ಷ ನಿಮ್ಮನ್ನೇ ಕೇಳುತ್ತಾರೆ. ರೋಗಿಗಳ ದಾಖಲೆ ಯಾವ ದೇಶದಲ್ಲಿ ಇರುತ್ತದೆ ಅಂತಲೂ ಕೇಳುತ್ತಾರೆ ನೋಡಿ.

ಬಾತಿ ಕೆರೆ

ಭಾರತದಲ್ಲೇ ಇಡಬಹುದು. ಮುಂಬೈ, ಪುಣೆ, ಹೈದರಾಬಾದ್, ಎಲ್ಲಾ ಕಡೆ ದೊಡ್ಡ ಕಂಪನಿಗಳ ಡೇಟಾ ಸೆಂಟರ್ ಇವೆ. ಯಾವುದು ಅಂತ ಪತ್ರದಲ್ಲಿ ಬರೆಯಿರಿ. ಎಲ್ಲೇ ಇಟ್ಟರೂ 2023ರ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ ಹೊಣೆ ಆಸ್ಪತ್ರೆಯದ್ದೇ. ಕ್ಲೌಡ್ ಕಂಪನಿಯ ಮೇಲೆ ಹಾಕಿ ಕೈ ತೊಳೆಯಲು ಆಗುವುದಿಲ್ಲ.

ಮತ್ತೆ, ಸಭೆಗೆ ಮೊದಲು ಒಮ್ಮೆ ನಿಜವಾಗಿ ರಿಸ್ಟೋರ್ ಮಾಡಿ ನೋಡಿ. ನಿಮ್ಮದು ಎಸ್‌ಕ್ಯೂಎಲ್ ಸರ್ವರ್ ಆಗಿದ್ದರೆ ಮೊದಲು ಇದು:

```
RESTORE VERIFYONLY FROM DISK = 'D:\backup\his.bak';
```

ಇದು ಸರಿ ಅಂದರೂ ನಂಬಿ ಕೂರಬೇಡಿ. ಫೈಲ್ ಓದಲು ಬರುತ್ತದೆ ಅಂತ ಮಾತ್ರ ಇದು ಹೇಳುತ್ತದೆ. ಪೂರ್ತಿ ರಿಸ್ಟೋರ್ ಮಾಡಿ `DBCC CHECKDB` ಓಡಿಸಿ. ಆಮೇಲೆ ಸಾಫ್ಟ್‌ವೇರ್ ತೆರೆದು ಒಬ್ಬ ರೋಗಿಯ ಕಡತ ಪೂರ್ತಿ ನೋಡಿ.

ಹದಡಿ ರೋಡ್

ಭಾನುವಾರ ಮಾಡಿದೆ. ಎಂಡಿ ಅವರ ಒಪ್ಪಿಗೆ ತೆಗೆದುಕೊಂಡು, ಬ್ಯಾಕಪ್ ಅನ್ನು ಎನ್‌ಕ್ರಿಪ್ಟ್ ಮಾಡಿ ಶನಿವಾರ ರಾತ್ರಿಯೇ ಮುಂಬೈಗೆ ಕಳಿಸಿದ್ದೆ. ಬೆಳಿಗ್ಗೆ 9:10ಕ್ಕೆ ಶುರು. ವರ್ಚುವಲ್ ಸರ್ವರ್ ಎದ್ದು ಎಸ್‌ಕ್ಯೂಎಲ್ ಸಿದ್ಧವಾಗಲು 9:40. ಡೇಟಾಬೇಸ್ ರಿಸ್ಟೋರ್ ಮುಗಿದದ್ದು 10:25. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ನಿಂದ ಒಂದು ಡಮ್ಮಿ ಬಿಲ್ ಹಾಕಿದಾಗ 10:55. ಹುಡುಗರಿಬ್ಬರೂ ಕುಣಿದಾಡಿಬಿಟ್ಟರು.

ಆಮೇಲೆ ಮೇಡಂ ಹೇಳಿದ ಹಾಗೆ ಒಬ್ಬ ರೋಗಿಯ ಕಡತ ತೆರೆದೆ. ಬಿಲ್ ಇತ್ತು, ಲ್ಯಾಬ್ ರಿಪೋರ್ಟ್ ಇತ್ತು. ಆಪರೇಷನ್‌ಗೆ ಮೊದಲು ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಇರಲಿಲ್ಲ. ಇನ್ನೊಬ್ಬರದ್ದು ತೆರೆದೆ, ಅಲ್ಲೂ ಇಲ್ಲ. ಹುಡುಕಿದಾಗ ಗೊತ್ತಾಯಿತು. ಸ್ಕ್ಯಾನ್ ಮಾಡಿದ ಕಾಗದಗಳೆಲ್ಲಾ ಡೇಟಾಬೇಸ್‌ನ ಒಳಗೆ ಇಲ್ಲ, `E:\ScanDocs` ಅನ್ನುವ ಫೋಲ್ಡರ್‌ನಲ್ಲಿವೆ. ಡೇಟಾಬೇಸ್‌ನಲ್ಲಿ ಇರುವುದು ಬರೀ ಅವುಗಳ ದಾರಿ. 140 ಜಿಬಿ. ಏಳು ವರ್ಷದಲ್ಲಿ ಒಮ್ಮೆಯೂ ಅದರ ಬ್ಯಾಕಪ್ ಆಗಿಲ್ಲ, ಪ್ರತಿ ದಿನ ಬ್ಯಾಕಪ್ ಸಕ್ಸಸ್ ಅಂತ ಹಸಿರು ಮೆಸೇಜ್ ಬರುತ್ತಿತ್ತು. ಅವತ್ತೇ ಅದನ್ನೂ ಸೇರಿಸಿದೆ.

ಪತ್ರದ ನಡುವಿನ ಭಾಗ ಈಗ ಹೀಗಿದೆ:

> ಸರ್ವರ್ ಪೂರ್ತಿ ಹಾಳಾದರೆ ಈಗ ನಾವು ಕನಿಷ್ಠ ಹಲವು ದಿನ ಕಾಗದದಲ್ಲಿ ಕೆಲಸ ಮಾಡಬೇಕು. ಈ ಯೋಜನೆಯಲ್ಲಿ ನೋಂದಣಿ, ಬಿಲ್ಲಿಂಗ್ ಮತ್ತು ಫಾರ್ಮಸಿ 4 ಗಂಟೆಯೊಳಗೆ ಕ್ಲೌಡ್‌ನಿಂದ ಶುರುವಾಗುತ್ತವೆ. ಕಳೆದ ಭಾನುವಾರ ಪ್ರಯೋಗ ಮಾಡಿದಾಗ 1 ಗಂಟೆ 45 ನಿಮಿಷ ಹಿಡಿಯಿತು. ಹದಿನೈದು ನಿಮಿಷಕ್ಕೊಮ್ಮೆ ಪ್ರತಿ ಹೋಗುವುದರಿಂದ, ಕಳೆದುಕೊಳ್ಳುವುದು ಹೆಚ್ಚೆಂದರೆ ಕೊನೆಯ ಹದಿನೈದು ನಿಮಿಷದ ನಮೂದುಗಳು. ಹಳೆಯ ಚಿತ್ರಗಳು ವಾಪಸ್ ಬರಲು ಎಂಟು ದಿನಕ್ಕಿಂತ ಜಾಸ್ತಿ ಬೇಕು. ಯೋಜನೆ ಶುರುವಾಗಿ ಮೊದಲ 50 ರಾತ್ರಿ ಚಿತ್ರಗಳ ಪೂರ್ತಿ ಪ್ರತಿ ಕ್ಲೌಡ್‌ನಲ್ಲಿ ಇರುವುದಿಲ್ಲ.
>
> ಎರಡು ಹೆಚ್ಚುವರಿ ಡಿಸ್ಕ್‌ಗೆ 60,000 ಮತ್ತು ಜಿಎಸ್‌ಟಿ ಸೇರಿ ಮೂರು ವರ್ಷದ ಖರ್ಚು 32.44 ಲಕ್ಷ. ಚಿತ್ರಗಳು ಹೆಚ್ಚಿದ ಹಾಗೆ ತಿಂಗಳ ಬಿಲ್ ಸ್ವಲ್ಪ ಏರುತ್ತದೆ. ಪ್ರತಿ ಮೂರು ತಿಂಗಳಿಗೊಮ್ಮೆ ಇದೇ ಪ್ರಯೋಗ ಮಾಡಿ ಎಷ್ಟು ಹೊತ್ತು ಹಿಡಿಯಿತು ಎಂದು ಮಂಡಳಿಗೆ ವರದಿ ಕೊಡುತ್ತೇವೆ.

"ಪೂರ್ತಿ ಸುರಕ್ಷಿತ" ಅನ್ನುವ ಸಾಲು ತೆಗೆದೆ. ಲ್ಯಾಬ್ ಅನ್ನು ನಾಲ್ಕು ಗಂಟೆಯ ಪಟ್ಟಿಯಲ್ಲಿ ಸೇರಿಸಿಲ್ಲ, ನೋಡಿದಿರಾ? ಲ್ಯಾಬ್‌ನ ಯಂತ್ರಗಳು ಒಳಗಿನ ಸರ್ವರ್‌ನ ಐಪಿಗೆ ನೇರವಾಗಿ ರಿಸಲ್ಟ್ ಕಳಿಸುತ್ತವೆ. ಕ್ಲೌಡ್‌ನ ಸರ್ವರ್ ಅವಕ್ಕೆ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಕೈಯಲ್ಲೇ ಟೈಪ್ ಮಾಡಬೇಕಾ ಅಂತ ಲ್ಯಾಬ್‌ನವರು ಕೇಳುತ್ತಿದ್ದಾರೆ.

ಬಾತಿ ಕೆರೆ

ಆಸ್ಪತ್ರೆ ಮತ್ತು ಕ್ಲೌಡ್ ನಡುವೆ ವಿಪಿಎನ್ ಇದ್ದರೆ ಯಂತ್ರಗಳ ಐಪಿ ಸೆಟ್ಟಿಂಗ್ ಬದಲಿಸಿ ಕಳಿಸಬಹುದು. ಆದರೆ ಕೆಲವು ಹಳೆಯ ಅನಲೈಸರ್‌ಗಳಲ್ಲಿ ಆ ಸೆಟ್ಟಿಂಗ್ ಕಂಪನಿಯ ಎಂಜಿನಿಯರೇ ಬಂದು ಬದಲಿಸಬೇಕು. ನಿಮ್ಮ ಬಳಿ ಯಾವ ಯಂತ್ರ ಎಷ್ಟಿವೆ ಪಟ್ಟಿ ಹಾಕಿ, ಒಂದೊಂದಾಗಿ ನೋಡೋಣ. 15 ನಿಮಿಷದ್ದಕ್ಕೆ, ಪ್ರತಿ ಬದಲಾವಣೆಯನ್ನು ಬರೆದಿಡುವ ಟ್ರಾನ್ಸಾಕ್ಷನ್ ಲಾಗ್‌ನ ಬ್ಯಾಕಪ್ ಆನ್ ಮಾಡಿದ್ದೀರಲ್ವಾ? ಡೇಟಾಬೇಸ್ `FULL` ರಿಕವರಿ ಮಾಡೆಲ್‌ನಲ್ಲಿ ಇಲ್ಲದಿದ್ದರೆ ಅದು ಆಗುವುದೇ ಇಲ್ಲ. ಪತ್ರ ಕೊಡುವ ಮೊದಲು ನೋಡಿಕೊಳ್ಳಿ.

ಹದಡಿ ರೋಡ್

ಈಗಷ್ಟೇ ನೋಡಿದೆ ಮೇಡಂ. `SIMPLE` ಅಂತ ಇತ್ತು. ಇವತ್ತು ರಾತ್ರಿ ಬದಲಿಸಿ, ಹೊಸದಾಗಿ ಒಂದು ಫುಲ್ ಬ್ಯಾಕಪ್ ತೆಗೆದು, ಆಮೇಲೆ ಲಾಗ್ ಬ್ಯಾಕಪ್ ಶುರು ಮಾಡುತ್ತೇನೆ. ಅನಲೈಸರ್‌ಗಳು ಒಂಬತ್ತು ಇವೆ, ನಾಳೆ ಪಟ್ಟಿ ಹಾಕುತ್ತೇನೆ.